ದೇಹ–ದೇಗುಲದ ಎರಡು ವಚನ: ಹೋಲಿಕೆಯ ಪ್ರಬಂಧ ಬರೆಯೋಕೆ ಹೋಗಿ ಎರಡು ಸಾರಾಂಶ ಆಗ್ತಿದೆ

ಹೊಸಚಿಗುರು

ಎಲ್ಲರಿಗೂ ನಮಸ್ಕಾರ. ಒಂದೇ ವಸ್ತುವಿನ ಮೇಲಿರುವ ಎರಡು ಕವಿತೆಗಳನ್ನು ಹೋಲಿಸಿ 800 ಪದಗಳ ಪ್ರಬಂಧ ಬರೆಯಬೇಕು. ಎರಡೂ ವಚನಗಳು. ವಸ್ತು ದೇಹ ಮತ್ತು ದೇವಾಲಯ. ಮೊದಲನೆಯದು ಬಸವಣ್ಣನವರದ್ದು:

ಉಳ್ಳವರು ಶಿವಾಲಯವ ಮಾಡುವರು
ನಾನೇನ ಮಾಡುವೆ ಬಡವನಯ್ಯಾ
ಎನ್ನ ಕಾಲೇ ಕಂಬ, ದೇಹವೇ ದೇಗುಲ,
ಶಿರವೇ ಹೊನ್ನ ಕಳಸವಯ್ಯಾ
ಕೂಡಲಸಂಗಮದೇವಾ ಕೇಳಯ್ಯಾ,
ಸ್ಥಾವರಕ್ಕಳಿವುಂಟು, ಜಂಗಮಕ್ಕಳಿವಿಲ್ಲ.

ಎರಡನೆಯದು ಅಲ್ಲಮಪ್ರಭುವಿನದ್ದು:

ದೇಹದೊಳಗೆ ದೇವಾಲಯವಿದ್ದು,
ಮತ್ತೆ ಬೇರೆ ದೇವಾಲಯವೇಕಯ್ಯಾ?
ಎರಡಕ್ಕೆ ಹೇಳಲಿಲ್ಲಯ್ಯಾ.
ಗುಹೇಶ್ವರಾ, ನೀನು ಕಲ್ಲಾದಡೆ ನಾನೇನಪ್ಪೆನು?

ನಾನು ಬರೆದ ಕರಡಿನ ಒಂದು ಪ್ಯಾರಾ ಹೀಗಿದೆ: "ಬಸವಣ್ಣನವರು ತಮ್ಮ ವಚನದಲ್ಲಿ ದೇಹವೇ ದೇಗುಲ ಎನ್ನುತ್ತಾರೆ. ಕಾಲನ್ನು ಕಂಬಕ್ಕೂ ತಲೆಯನ್ನು ಕಳಸಕ್ಕೂ ಹೋಲಿಸುತ್ತಾರೆ. ಅದೇ ರೀತಿ ಅಲ್ಲಮನೂ ದೇಹದಲ್ಲೇ ದೇವಾಲಯವಿದೆ ಎನ್ನುತ್ತಾನೆ. ಇಬ್ಬರೂ ಹೊರಗಿನ ದೇವಾಲಯ ಬೇಡ ಎನ್ನುತ್ತಾರೆ. ಆದರೆ ಬಸವಣ್ಣನವರ ಭಾಷೆ ಸರಳ, ಅಲ್ಲಮನ ಭಾಷೆ ಗೂಢ."

ಮೇಷ್ಟ್ರು ಅಂಚಿನಲ್ಲಿ "ಇದು ಎರಡು ಸಾರಾಂಶ. ಹೋಲಿಕೆ ಎಲ್ಲಿ?" ಅಂತ ಬರೆದಿದ್ದಾರೆ. ಅದೇ ರೀತಿ, ಆದರೆ, ಇಬ್ಬರೂ, ಎಲ್ಲ ಪದಗಳೂ ಇವೆಯಲ್ಲ. ಇನ್ನೇನು ಬೇಕು?

ಸಾಲುದೀಪ

ಉತ್ತರ ಸುಲಭ. ಮೊದಲು ಬಸವಣ್ಣನವರ ಬಗ್ಗೆ ಅರ್ಧ, ಆಮೇಲೆ ಅಲ್ಲಮನ ಬಗ್ಗೆ ಅರ್ಧ ಬರೆಯೋ ಪದ್ಧತಿ ಬಿಟ್ಟುಬಿಡಿ. ಅದು ತಪ್ಪು ಪದ್ಧತಿ. ಒಂದೊಂದು ಅಂಶ ಹಿಡಿದು, ಪ್ರತಿ ಪ್ಯಾರಾದಲ್ಲೂ ಇಬ್ಬರನ್ನೂ ತನ್ನಿ. ಹಾಳೆಯನ್ನು ಎರಡು ಕಾಲಂ ಮಾಡಿ ವಸ್ತು, ಭಾಷೆ, ರೂಪಕ, ಧ್ವನಿ, ಮುಕ್ತಾಯ ಅಂತ ಎದುರುಬದುರು ಬರೆದುಕೊಳ್ಳಿ. ಐದು ಸಾಲಿನ ಕೋಷ್ಟಕ ಐದು ಪ್ಯಾರಾ ಆಗುತ್ತದೆ.

ಪೀಠಿಕೆಯಲ್ಲಿ ಬಸವಣ್ಣನವರು ಬಡವರಾಗಿದ್ದರು, ಹಾಗಾಗಿ ದೇಗುಲ ಕಟ್ಟಿಸಲು ಆಗಲಿಲ್ಲ ಅನ್ನೋ ಹಿನ್ನೆಲೆಯನ್ನೂ ಸೇರಿಸಿ. ಅಂಕ ಬರುತ್ತದೆ.

ಮರುಓದು

ನನ್ನ ಅಭಿಪ್ರಾಯ ಬೇರೆ. ಕೊನೆಗೆ ಯಾವ ವಚನ ಹೆಚ್ಚು ಚೆನ್ನಾಗಿದೆ ಅಂತ ತೀರ್ಪು ಕೊಡಬೇಕಲ್ವಾ? ನನ್ನ ಮನಸ್ಸಿಗೆ ಬಸವಣ್ಣನವರದ್ದೇ ಹತ್ತಿರ. ಅಲ್ಲಮನ ವಚನ ಓದಿದರೆ ಎಲ್ಲೋ ಅರ್ಧಕ್ಕೆ ನಿಂತ ಹಾಗೆ ಅನಿಸುತ್ತದೆ. ಅದನ್ನು ಧೈರ್ಯವಾಗಿ ಬರೆಯಿರಿ.

ಕಡೆಗೋಲು

ನಾನು ಬಹಳ ಕಾಲ ಪಾಠ ಮಾಡಿದವನು, ಇಂಥ ಉತ್ತರಪತ್ರಿಕೆಗಳನ್ನು ತಿದ್ದಿದವನು. ನಿಧಾನವಾಗಿ ಹೇಳುತ್ತೇನೆ.

ಹೊಸಚಿಗುರು, ನಿಮ್ಮ ಪ್ಯಾರಾದಲ್ಲಿ ಅಲ್ಲಮನ ವಾಕ್ಯಗಳನ್ನು ಕೈಯಿಂದ ಮುಚ್ಚಿ ಓದಿ. ಬಸವಣ್ಣನವರ ಬಗ್ಗೆ ಹೇಳಿದ್ದೆಲ್ಲ ಹಾಗೇ ನಿಲ್ಲುತ್ತದೆ, ಏನೂ ಕಳೆಯುವುದಿಲ್ಲ. ಈಗ ಬಸವಣ್ಣನವರದ್ದನ್ನು ಮುಚ್ಚಿ. ಅಲ್ಲಮನದ್ದೂ ಹಾಗೇ ನಿಲ್ಲುತ್ತದೆ. ಮೇಷ್ಟ್ರು ಕೇಳಿದ್ದು ಇದನ್ನೇ. ಒಂದು ವಚನ ಪಕ್ಕದಲ್ಲಿ ಇಲ್ಲದಿದ್ದರೆ ಇನ್ನೊಂದರಲ್ಲಿ ಕಾಣದೇ ಹೋಗುವ ಸಂಗತಿ ಯಾವುದು? ಅದನ್ನು ಬರೆದರೆ ಹೋಲಿಕೆ. "ಆದರೆ" ಅನ್ನೋ ಪದ ಅದನ್ನು ಮಾಡಿಕೊಡುವುದಿಲ್ಲ.

ಒಂದು ಉದಾಹರಣೆ ಮಾಡಿ ನೋಡೋಣ. ಬಸವಣ್ಣನವರ ವಚನದಲ್ಲಿ "ದೇಹವೇ ದೇಗುಲ" ಎಲ್ಲಿ ಬರುತ್ತದೆ? ನಡುವಿನಲ್ಲಿ. ಅದಕ್ಕೆ ಮೊದಲು ಉಳ್ಳವರು ಬರಬೇಕು, ಅವರು ಮಾಡುವ ಶಿವಾಲಯ ಬರಬೇಕು, "ನಾನೇನ ಮಾಡುವೆ" ಅನ್ನುವ ಕೊರಗು ಬರಬೇಕು. ಆಮೇಲೆ ದೇಹ ದೇಗುಲವಾಗುತ್ತದೆ. ಅಂದರೆ ಅದು ವಚನ ಹೋಗಿ ಮುಟ್ಟುವ ಜಾಗ. ಅಲ್ಲಮನಲ್ಲಿ ಅದು ಮೊದಲ ಮಾತು. ಅದೂ ಪೂರ್ಣ ವಾಕ್ಯವಲ್ಲ. "ದೇವಾಲಯವಿದ್ದು" ಅಂತ ಅರ್ಧ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಅದು ಗೊತ್ತಿರುವ ವಿಷಯ, ಅದರ ಬಗ್ಗೆ ವಾದವೇ ಇಲ್ಲ ಅನ್ನುವ ಹಾಗೆ.

ಇದು ಒಂದೇ ವಚನ ಓದಿದರೆ ಕಣ್ಣಿಗೆ ಬೀಳುವುದು ಕಷ್ಟ. ಎರಡನ್ನೂ ಪಕ್ಕದಲ್ಲಿಟ್ಟಾಗ ಥಟ್ಟನೆ ಕಾಣುತ್ತದೆ. ನಿಮ್ಮ ಕರಡಿನ "ಇಬ್ಬರೂ ಹೊರಗಿನ ದೇವಾಲಯ ಬೇಡ ಎನ್ನುತ್ತಾರೆ" ಅನ್ನೋ ವಾಕ್ಯ ಈ ವ್ಯತ್ಯಾಸವನ್ನು ಮುಚ್ಚಿಬಿಟ್ಟಿದೆ. ಇಬ್ಬರ ಮಾತೂ ಒಂದೇ ಅನ್ನಿಸುವ ಜಾಗದಲ್ಲೇ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಿ.

ಸಾಲುದೀಪ ಅವರೇ, ಅಂಶವಾರು ಬರೆಯುವುದು ಇಲ್ಲಿಗೆ ಸರಿ. ಎರಡೂ ಪುಟ್ಟ ಪಠ್ಯಗಳು, ಇಡೀ ವಚನ ಓದುಗರ ತಲೆಯಲ್ಲಿ ಇರುತ್ತದೆ. ಆದರೆ ಒಂದೊಂದು ಕವಿತೆಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗುವ ಪದ್ಧತಿ ತಪ್ಪಲ್ಲ. ಹಂತಹಂತವಾಗಿ ಬೆಳೆಯುವ ಉದ್ದದ ಕವಿತೆಯಾದರೆ ಅದನ್ನು ತುಂಡು ಮಾಡಿದಾಗ ಆ ಬೆಳವಣಿಗೆಯೇ ಕಾಣದೆ ಹೋಗುತ್ತದೆ. ಆಗ ಮೊದಲ ಕವಿತೆಯನ್ನು ಪೂರ್ತಿ ಹೇಳಿ, ಎರಡನೆಯದರ ಪ್ರತಿ ಹೆಜ್ಜೆಯಲ್ಲೂ ಮೊದಲನೆಯದಕ್ಕೆ ತಿರುಗಿ ನೋಡಬೇಕು. ತಿರುಗಿ ನೋಡದಿದ್ದರೆ ಮಾತ್ರ ಎರಡು ಸಾರಾಂಶ. ಅಂಶವಾರು ಬರೆದೂ ಎರಡು ಸಾರಾಂಶ ಮಾಡಬಹುದು, ಮೇಲಿನ ಕರಡೇ ಸಾಕ್ಷಿ.

ಇನ್ನು ಬಡತನದ ಮಾತು. ಬಸವಣ್ಣನವರು ಬಿಜ್ಜಳನ ಬಳಿ ಭಂಡಾರಿಯಾಗಿದ್ದವರು. "ಬಡವನಯ್ಯಾ" ಅನ್ನುವುದು ವಚನದೊಳಗೆ ಮಾತಾಡುವ "ನಾನು". ಅದನ್ನು ಜೀವನಚರಿತ್ರೆ ಅಂತ ಬರೆದರೆ ಪ್ರಬಂಧ ಮೊದಲ ಪ್ಯಾರಾದಲ್ಲೇ ಎಡವುತ್ತದೆ. ಹಣದ ಭಂಡಾರ ನೋಡಿಕೊಳ್ಳುವವರು ಬಡವನ ದನಿಯಲ್ಲಿ ನಿಂತು ಮಾತಾಡುತ್ತಿದ್ದಾರೆ ಅನ್ನುವುದು ಎಷ್ಟು ದೊಡ್ಡ ವಿಷಯ ಅಲ್ವಾ?

ಸಾಲುದೀಪ

ಭಂಡಾರಿಯ ವಿಷಯ ಒಪ್ಪಿದೆ. ಆದರೆ ಕೋಷ್ಟಕ ಬೇಡವೇ? ನನಗೆ ಅದು ಉಪಯೋಗಕ್ಕೆ ಬಂದಿದೆ.

ಕಡೆಗೋಲು

ಕೋಷ್ಟಕ ಖಂಡಿತ ಬೇಕು, ಅದು ಕಚ್ಚಾ ಕೆಲಸಕ್ಕೆ. ತೊಂದರೆ ಇರುವುದು ಸಾಲುಗಳ ತಲೆಬರಹದಲ್ಲಿ. ವಸ್ತು, ಭಾಷೆ, ರೂಪಕ ಅಂತ ಯಾವ ಕವಿತೆಗಾದರೂ ಹೊಂದುವ ಹೆಸರಿಟ್ಟರೆ ಯಾವ ಕವಿತೆಗಾದರೂ ಹೊಂದುವ ಉತ್ತರ ಬರುತ್ತದೆ. "ಭಾಷೆ ಸರಳ, ಭಾಷೆ ಗೂಢ" ಅನ್ನೋದು ಬಂದಿದ್ದು ಅಲ್ಲಿಂದಲೇ. ತಲೆಬರಹವನ್ನು ಪ್ರಶ್ನೆ ಮಾಡಿ, ಈ ಎರಡು ವಚನಗಳಿಂದಲೇ ಹುಟ್ಟಿದ ಪ್ರಶ್ನೆ. ದೇಹ ದೇಗುಲವೆಂಬ ಮಾತು ಎಲ್ಲಿ ಬರುತ್ತದೆ? ಮಾತಾಡುವವನ ಎದುರು ಯಾರು ನಿಂತಿದ್ದಾರೆ? ವಚನ ಏನನ್ನು ಹೇಳಿ ಅಥವಾ ಕೇಳಿ ಮುಗಿಯುತ್ತದೆ? 800 ಪದಕ್ಕೆ ಈ ಮೂರು ಸಾಕು. ಐದು ಹಿಡಿದರೆ ಪ್ರತಿಯೊಂದಕ್ಕೂ ನೂರು ಚಿಲ್ಲರೆ ಪದ ಸಿಗುತ್ತದೆ, ಅಷ್ಟರಲ್ಲಿ ಉದ್ಧರಿಸಿ ವಿವರಿಸಲು ಆಗುವುದಿಲ್ಲ.

ಗದ್ಯಪ್ರಿಯ

ಮೂಲಕ್ಕೇ ಒಂದು ಪ್ರಶ್ನೆ. ವಚನ ಕವಿತೆಯೇ? ಛಂದಸ್ಸಿಲ್ಲ, ಪ್ರಾಸದ ಕಟ್ಟಿಲ್ಲ. ವಚನ ಅಂದರೆ ಮಾತು. ಇದು ಗದ್ಯ. ಕವಿತೆಗಳ ಹೋಲಿಕೆ ಅಂತ ಕೇಳಿ ವಚನ ಕೊಟ್ಟಿದ್ದೇ ಸರಿಯಲ್ಲ ಅಂತ ನನಗೆ ಅನಿಸುತ್ತದೆ.

ಹಸಿರುಶಾಯಿ

ಛಂದಸ್ಸಿಲ್ಲ ಅಂದ ಮಾತ್ರಕ್ಕೆ ಲಯ ಇಲ್ಲವೇ? "ಕಾಲೇ ಕಂಬ, ದೇಹವೇ ದೇಗುಲ" ಜೋರಾಗಿ ಓದಿ. ಕ ಕ, ದೇ ದೇ. ಒಂದೇ ಅಚ್ಚಿನ ಜೋಡಿಗಳು ಒಂದರ ಹಿಂದೆ ಒಂದು. "ಅಳಿವುಂಟು, ಅಳಿವಿಲ್ಲ" ಕೂಡ ಹಾಗೇ. ಇದು ಸುಮ್ನೆ ಆಡಿದ ಮಾತಲ್ಲ.

ಹೊಸಚಿಗುರು, ಒಂದು ಅಂಶ ಸೇರಿಸಿ. ಬಸವಣ್ಣನವರದ್ದು ಆರು ಸಾಲು, ಅಲ್ಲಮನದ್ದು ನಾಲ್ಕು. ಸಾಲು ಎಲ್ಲಿ ಮುರಿಯುತ್ತದೆ ಅನ್ನೋದರ ಮೇಲೆ ಒಂದು ಒಳ್ಳೆಯ ಪ್ಯಾರಾ ಬರೆಯಬಹುದು. "ದೇವಾಲಯವಿದ್ದು" ಅಂತ ಸಾಲು ನಿಲ್ಲಿಸಿ ಓದುಗನನ್ನು ಕಾಯಿಸುವ ತಂತ್ರ ನೋಡಿ.

ಕಡೆಗೋಲು

ಹಸಿರುಶಾಯಿ ಅವರು ಹೇಳಿದ ಜೋಡಿಗಳ ಮಾತು ಚೆನ್ನಾಗಿದೆ, ಅದನ್ನು ಬಳಸಿ. ಸಾಲಿನ ಮಾತು ಮಾತ್ರ ಬೇಡ. ತಾಳೆಗರಿಯಲ್ಲಿ ಬರಹ ಒಂದೇ ಸಮನೆ ಸಾಗುತ್ತದೆ. ಇವತ್ತು ನಾವು ನೋಡುವ ಸಾಲುಗಳು ಸಂಪಾದಕರು ಅಚ್ಚಿಗೆ ಹಾಕುವಾಗ ಮುರಿದವು. ಒಂದು ಪುಸ್ತಕದಲ್ಲಿ ನಾಲ್ಕು ಸಾಲು ಇದ್ದದ್ದು ಇನ್ನೊಂದರಲ್ಲಿ ಎರಡೇ ಸಾಲು ಇರಬಹುದು. ಹೊಸಗನ್ನಡ ಕವಿತೆಯಾದರೆ ಸಾಲು ಮುರಿದದ್ದು ಕವಿಯ ಕೆಲಸ, ಅದರ ಮೇಲೆ ವಾದ ಕಟ್ಟಬಹುದು. ಇಲ್ಲಿ ವಾಕ್ಯದ ಮೇಲೆ ಕಟ್ಟಿ. "ಇದ್ದು" ಅನ್ನುವ ಅರ್ಧ ಕ್ರಿಯೆ ಹೇಗೆ ಮುರಿದರೂ ಅಲ್ಲೇ ಇರುತ್ತದೆ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರ. ಒಂದೇ ವಚನದ ಪದಗಳೂ ಪುಸ್ತಕದಿಂದ ಪುಸ್ತಕಕ್ಕೆ ಬೇರೆಯಾಗಿರಬಹುದು. ನಿಮಗೆ ಕೊಟ್ಟ ಪಠ್ಯದಲ್ಲಿ ಇರುವುದನ್ನೇ ಉದ್ಧರಿಸಿ. ಬಸವಣ್ಣನವರು ದೇಗುಲ ಅಂದರು, ಅಲ್ಲಮ ದೇವಾಲಯ ಅಂದ ಅಂತ ಅದರ ಮೇಲೆ ಭಾರ ಹಾಕಬೇಡಿ.

ಗದ್ಯಪ್ರಿಯ ಅವರ ಪ್ರಶ್ನೆ ಹಳೆಯದು, ದೊಡ್ಡದು. ಆದರೆ ಈ ಪ್ರಬಂಧ ಅದನ್ನು ಬಗೆಹರಿಸಬೇಕಾಗಿಲ್ಲ.

ಗದ್ಯಪ್ರಿಯ

ಬಗೆಹರಿಸಬೇಕಾಗಿಲ್ಲ ನಿಜ. ಆದರೂ ಲಯವಿರುವ ಗದ್ಯ ಅಂತಲೇ ನಾನು ಹೇಳುತ್ತೇನೆ.

ಹೊಸಚಿಗುರು

ಕಡೆಗೋಲು ಸರ್, ತುಂಬಾ ಉಪಕಾರವಾಯಿತು. ಮುಚ್ಚಿ ಓದುವ ಪರೀಕ್ಷೆ ಮಾಡಿದೆ, ನೀವು ಹೇಳಿದ್ದು ಕಾಣಿಸಿತು. ಈಗ ಪೀಠಿಕೆಯ ಮುಖ್ಯ ವಾಕ್ಯ ಹೀಗೆ ಬರೆದಿದ್ದೇನೆ: "ಬಸವಣ್ಣನವರು ದೇಹವೇ ದೇಗುಲ ಎಂದು ಹೇಳಿದ್ದಕ್ಕೆ ಅಲ್ಲಮ ಉತ್ತರ ಕೊಡುತ್ತಾ, ಹಾಗಾದರೆ ದೇವರು ಏನು ಎಂದು ಕೇಳುತ್ತಾನೆ." ಸರಿ ಇದೆಯಾ?

ಎರಡನೇ ಪ್ರಶ್ನೆಗೆ, ಅಂದರೆ ಎದುರು ಯಾರು ನಿಂತಿದ್ದಾರೆ ಅನ್ನೋದಕ್ಕೆ, ಬಸವಣ್ಣನವರಲ್ಲಿ ಉಳ್ಳವರು ಅಂತ ಬರೆದುಕೊಂಡೆ. ಅಲ್ಲಮನಲ್ಲಿ ಯಾರೂ ಸಿಗುತ್ತಿಲ್ಲ.

ಕಡೆಗೋಲು

ವಾಕ್ಯದ ದಾರಿ ಸರಿ ಇದೆ. "ಉತ್ತರ ಕೊಡುತ್ತಾ" ತೆಗೆಯಿರಿ. ಇಬ್ಬರೂ 12ನೇ ಶತಮಾನದವರು, ಸಮಕಾಲೀನರು. ಆದರೆ ಈ ವಚನ ಆ ವಚನಕ್ಕೆ ಉತ್ತರ ಅಂತ ಹೇಳಲು ಆಧಾರ ಬೇಕು. ವಚನಗಳನ್ನು ಸಂವಾದದ ಹಾಗೆ ಜೋಡಿಸಿದ ಶೂನ್ಯಸಂಪಾದನೆಗಳು 15ನೇ ಶತಮಾನದಿಂದ ಈಚೆಗೆ ಬಂದವು. ಆ ಜೋಡಣೆ ಸಂಕಲನ ಮಾಡಿದವರದ್ದು. ಹಾಗಾಗಿ "ಪಕ್ಕದಲ್ಲಿಟ್ಟು ಓದಿದಾಗ" ಅಂತ ಬರೆಯಿರಿ. ಆಗ ಹೋಲಿಕೆ ನಿಮ್ಮದು, ಅದರ ಹೊಣೆಯೂ ನಿಮ್ಮದು.

ಅಲ್ಲಮನಲ್ಲಿ ಯಾರೂ ಸಿಗಲಿಲ್ಲ ಅಂದಿರಲ್ಲ, ಅದೇ ಬರೆಯಬೇಕಾದ ಸಂಗತಿ. ಉಳ್ಳವರಿಲ್ಲ, ಬಡವನಿಲ್ಲ, ಹೊನ್ನಿಲ್ಲ. ಸಮಾಜವೇ ಇಲ್ಲ. ಹಾಗಾದರೆ ಪ್ರಶ್ನೆ ಯಾರಿಗೆ? ಗುಹೇಶ್ವರನಿಗೆ. ಬಸವಣ್ಣನವರ ವಚನದಲ್ಲಿ ದೇವರು ಕೇಳಿಸಿಕೊಳ್ಳುವವನು, "ಕೇಳಯ್ಯಾ" ಅಂತ ಅವನನ್ನು ಸಾಕ್ಷಿಯಾಗಿ ಕರೆದಿದ್ದಾರೆ. ಎದುರಾಳಿ ಬೇರೆ ಕಡೆ ಇದ್ದಾನೆ. ಅಲ್ಲಮನಲ್ಲಿ ಕೇಳಿಸಿಕೊಳ್ಳುವವನೇ ಪ್ರಶ್ನೆಗೆ ಸಿಕ್ಕಿಬಿದ್ದವನು.

ಕ್ರಿಯಾಪದಗಳನ್ನೂ ನೋಡಿ. ಬಸವಣ್ಣನವರಲ್ಲಿ ಮೊದಲು "ಮಾಡುವರು", ಆಮೇಲೆ "ಮಾಡುವೆ". ಕಾಲು, ದೇಹ, ತಲೆ ಬಂದ ಕೂಡಲೇ ಮಾಡುವ ಕ್ರಿಯೆ ಮಾಯ. ಕಾಲೇ ಕಂಬ, ಅಷ್ಟೇ. ಮಾಡಬೇಕಾದ್ದು ಏನೂ ಉಳಿದಿಲ್ಲ. "ನಾನೇನ ಮಾಡುವೆ" ಅನ್ನುವ ಪ್ರಶ್ನೆಗೆ ಉತ್ತರ ಬಂದಿರುವುದು ಹಾಗೆ. ಅಲ್ಲಮನ ಕೊನೆಯ ಮಾತಲ್ಲಿ ಎರಡು ಸಲ ಬರುವ ಕ್ರಿಯೆ ಆಗುವುದು. ನೀನು ಕಲ್ಲು ಆದಡೆ, ನಾನು ಏನು ಅಪ್ಪೆನು. ಉಳ್ಳವರು ಏನು ಮಾಡುತ್ತಾರೆ ಅನ್ನುವುದರಿಂದ ಹೊರಟ ವಚನ ಒಂದು, ನಾವಿಬ್ಬರೂ ಏನಾಗುತ್ತೇವೆ ಅನ್ನುವುದಕ್ಕೆ ಬಂದು ನಿಂತ ವಚನ ಇನ್ನೊಂದು.

ಮರುಓದು ಅವರೇ, ಅರ್ಧಕ್ಕೆ ನಿಂತ ಹಾಗೆ ಅಂದಿರಲ್ಲ. ಆ ಅನಿಸಿಕೆ ಸರಿಯಾದದ್ದು. ಅದನ್ನು ತೀರ್ಪು ಮಾಡದೆ ಕಾರಣ ಹುಡುಕಿದರೆ ಮೂರನೇ ಅಂಶ ಸಿಗುತ್ತದೆ. ಒಂದು ವಚನ ನಿರ್ಣಯದಲ್ಲಿ ಮುಗಿಯುತ್ತದೆ, ಇನ್ನೊಂದು ಪ್ರಶ್ನೆಯಲ್ಲಿ. ಎರಡರಲ್ಲೂ ಕೂಡಲಸಂಗಮದೇವ, ಗುಹೇಶ್ವರ ಅನ್ನುವ ಅಂಕಿತ ಬಂದ ಮೇಲೆ ಕೊನೆಯ ಮಾತು ಬರುತ್ತದೆ. ಇದು ನಿಜವಾದ ಸಾಮ್ಯ. ಜಾಗ ಒಂದೇ, ಅಲ್ಲಿ ಒಬ್ಬರು ಉತ್ತರ ಇಟ್ಟಿದ್ದಾರೆ, ಇನ್ನೊಬ್ಬರು ಪ್ರಶ್ನೆ ಇಟ್ಟಿದ್ದಾರೆ. ಸಾಮ್ಯ ಹೇಳಿದರೆ ಹೀಗೆ ವ್ಯತ್ಯಾಸವನ್ನು ಎತ್ತಿ ತೋರಿಸುವ ಸಾಮ್ಯ ಹೇಳಿ. "ಇಬ್ಬರೂ ವಚನಕಾರರು, ಇಬ್ಬರೂ ಶಿವಭಕ್ತರು" ಅಂತ ಬರೆದರೆ ಪದ ಖರ್ಚು, ಅಷ್ಟೇ.

ಮರುಓದು

ಈಗ ಅರ್ಥವಾಯಿತು. ನನ್ನದೂ ಒಂದು ಕೇಳಲೇ? ನಾನು ತಾಯಿಯ ಬಗ್ಗೆ ಇರುವ ಎರಡು ಹೊಸಗನ್ನಡ ಕವಿತೆ ಹೋಲಿಸುತ್ತಿದ್ದೇನೆ. ಒಂದು ಎರಡು ಪುಟ, ಇನ್ನೊಂದು ಹನ್ನೆರಡು ಸಾಲು. ಉದ್ದದ ಕವಿತೆಯ ಬಗ್ಗೆ ಬರೆಯುತ್ತಾ ಹೋದರೆ ಚಿಕ್ಕದಕ್ಕೆ ಜಾಗವೇ ಉಳಿಯುತ್ತಿಲ್ಲ. ಎರಡಕ್ಕೂ ಸಮ ಜಾಗ ಕೊಡಲೇಬೇಕಾ?

ಕಡೆಗೋಲು

ಅಳತೆಪಟ್ಟಿ ಹಿಡಿದು ಸಮ ಮಾಡಬೇಕಾಗಿಲ್ಲ. ಆದರೆ ಉದ್ದದ ಕವಿತೆಯನ್ನು ಪೂರ್ತಿ ವಿವರಿಸುವ ಆಸೆ ಬಿಡಿ. ಚಿಕ್ಕದನ್ನು ಮೊದಲು ಪೂರ್ತಿ ಓದಿ, ಅದು ಎತ್ತುವ ಎರಡು ಮೂರು ಪ್ರಶ್ನೆ ಬರೆದುಕೊಳ್ಳಿ. ಆಮೇಲೆ ಉದ್ದದ್ದರಲ್ಲಿ ಆ ಪ್ರಶ್ನೆಗಳಿಗೆ ಸಂಬಂಧಿಸಿದ ಭಾಗ ಮಾತ್ರ ಹಿಡಿಯಿರಿ. ಉಳಿದದ್ದು ಎಷ್ಟೇ ಚೆನ್ನಾಗಿರಲಿ, ಈ ಪ್ರಬಂಧಕ್ಕೆ ಬೇಡ. ಚಿಕ್ಕ ಕವಿತೆ ಬಿಟ್ಟಿರುವ ಸಂಗತಿಗಳೂ ಲೆಕ್ಕಕ್ಕೆ ಬರುತ್ತವೆ. ಅಲ್ಲಮನಲ್ಲಿ ಉಳ್ಳವರು ಇಲ್ಲದಿರುವುದು ಲೆಕ್ಕಕ್ಕೆ ಬಂದ ಹಾಗೆ.

ಹಸಿರುಶಾಯಿ

ನನಗೆ ಒಂದು ಅನುಮಾನ. "ಜಂಗಮಕ್ಕಳಿವಿಲ್ಲ" ಅಂತ ಮುಗಿಯುತ್ತದೆ. ಆದರೆ ದೇಹಕ್ಕೆ ಅಳಿವು ಉಂಟಲ್ಲ? ದೇಹವೇ ದೇಗುಲ ಅಂದ ಮೇಲೆ ಆ ದೇಗುಲವೂ ಬೀಳುತ್ತದೆ. ಇದು ವಚನದ ದೋಷವೇ?

ಕಡೆಗೋಲು

ಬಹಳ ಒಳ್ಳೆಯ ಜಾಗ ಹಿಡಿದಿರಿ. ಸ್ಥಾವರ ಅಂದರೆ ನಿಂತಲ್ಲೇ ನಿಂತದ್ದು. ಜಂಗಮ ಅಂದರೆ ಚಲಿಸುವುದು, ಹಾಗೇ ಸಂಚರಿಸುವ ಶರಣ ಕೂಡ. ಕಂಬ ಕಳಸದ ಮಾತು ಒಬ್ಬನ ಒಂದು ದೇಹದ್ದು. ಕೊನೆಯ ಸಾಲು ಒಬ್ಬನನ್ನು ಬಿಟ್ಟು ದೊಡ್ಡದಕ್ಕೆ ಜಿಗಿಯುತ್ತದೆ. ಆ ಜಿಗಿತವನ್ನು ವಚನ ವಿವರಿಸುವುದಿಲ್ಲ. ದೋಷ ಅಂತ ನಾನು ಹೇಳುವುದಿಲ್ಲ. ಆದರೆ ಹೋಲಿಕೆಗೆ ಇದು ಚಿನ್ನದಂಥ ಜಾಗ. ಬಸವಣ್ಣನವರಲ್ಲಿ ದೇಹ*ವೇ* ದೇಗುಲ. ಅಲ್ಲಮನಲ್ಲಿ ದೇಹ*ದೊಳಗೆ* ದೇವಾಲಯ. ಅಲ್ಲಿ ಕಾಲಿಲ್ಲ, ತಲೆಯಿಲ್ಲ, ದೇಹದ ಆಕಾರವೇ ಇಲ್ಲ. ದೇಹ ಬಿದ್ದರೆ ಒಳಗಿನದು ಏನಾಗುತ್ತದೆ ಅನ್ನುವ ನಿಮ್ಮ ಅನುಮಾನ ಅಲ್ಲಮನ ಮೇಲೆ ಅದೇ ರೀತಿ ಬೀಳುವುದಿಲ್ಲ. ಗುಹೆಯ ಒಡೆಯ ಅನ್ನುವ ಅಂಕಿತವೂ ಆ "ಒಳಗೆ"ಗೆ ಜೊತೆಯಾಗುತ್ತದೆ.

ಗದ್ಯಪ್ರಿಯ

ಅಂಕಿತ ಅಂದಿರಲ್ಲ, ಹಾಗಾದರೆ ಇದಕ್ಕೇನು ಹೇಳುತ್ತೀರಿ? ಕೂಡಲಸಂಗಮದೇವ ಅನ್ನುವುದು ಒಂದು ಸ್ಥಳದ, ಒಂದು ದೇವಾಲಯದ ದೇವರ ಹೆಸರು. ಸ್ಥಾವರಕ್ಕೆ ಅಳಿವುಂಟು ಅಂತ ಆ ದೇವರಿಗೇ ಹೇಳುತ್ತಿದ್ದಾರೆ. ಇದನ್ನು ಹೇಗೆ ಓದಬೇಕು?

ಕಡೆಗೋಲು

ನನಗೂ ಇದು ಕಾಡುವ ಪ್ರಶ್ನೆ. ಹೆಸರು ಸ್ಥಾವರದಿಂದ ಬಂದರೂ ವಚನದಲ್ಲಿ ಅದು ಊರು ಬಿಟ್ಟು ಬಂದಿದೆ, ಕರೆದ ಕಡೆ ಬರುತ್ತದೆ ಅಂತ ಓದಬಹುದು. ಇಲ್ಲ, ಆ ಬಿಗಿತ ಹಾಗೇ ಉಳಿದಿದೆ ಅಂತಲೂ ಓದಬಹುದು. ಎರಡಕ್ಕೂ ಜಾಗವಿದೆ.

ಹೊಸಚಿಗುರು

ಮೊದಲ ಅಂಶದ ಪ್ಯಾರಾ ಮತ್ತೆ ಬರೆದೆ. ದಯವಿಟ್ಟು ನೋಡಿ:

"ಎರಡು ವಚನಗಳನ್ನೂ ಪಕ್ಕದಲ್ಲಿಟ್ಟು ಓದಿದಾಗ, ಒಂದೇ ಮಾತು ಒಂದರಲ್ಲಿ ಗಳಿಸಿಕೊಂಡ ಉತ್ತರವಾಗಿಯೂ ಇನ್ನೊಂದರಲ್ಲಿ ಹೊರಡುವ ಜಾಗವಾಗಿಯೂ ಕಾಣುತ್ತದೆ. ಬಸವಣ್ಣನವರ 'ನಾನು' ಉಳ್ಳವರ ಶಿವಾಲಯದ ಎದುರು ಬರಿಗೈಯಲ್ಲಿ ನಿಂತು, ಕಾಲಿನಿಂದ ತಲೆಯವರೆಗೆ ದೇಗುಲವನ್ನು ಎಣಿಸುತ್ತಾ ಹೋಗಬೇಕು. ಆಗಲೇ 'ದೇಹವೇ ದೇಗುಲ' ಎನ್ನುವ ಮಾತಿಗೆ ಬಲ. ಅಲ್ಲಮನಿಗೆ ಈ ಎಣಿಕೆ ಬೇಕಿಲ್ಲ. 'ದೇವಾಲಯವಿದ್ದು' ಎಂದು ಅರ್ಧ ವಾಕ್ಯದಲ್ಲೇ ಅದನ್ನು ಮುಗಿಸುತ್ತಾನೆ. ಹಾಗಾಗಿ ಅವನಲ್ಲಿ ಉಳ್ಳವರಿಗೆ ಹೇಳುವ ಮಾತಿಗಿಂತ ದೇವರನ್ನು ಕೇಳುವ ಮಾತಿಗೆ ಜಾಗ ಉಳಿಯುತ್ತದೆ."

ಸಾಲುದೀಪ

ಕೈಯಿಂದ ಮುಚ್ಚಿ ನೋಡಿದೆ. ಅಲ್ಲಮನನ್ನು ತೆಗೆದರೆ ಮೊದಲ ವಾಕ್ಯವೇ ಬಿದ್ದುಹೋಗುತ್ತದೆ. ನಿಂತಿದೆ ನಿಮ್ಮ ಪ್ಯಾರಾ.

ಕಡೆಗೋಲು

ಚೆನ್ನಾಗಿ ಬಂದಿದೆ. ಕಾಲಿನಿಂದ ತಲೆಯವರೆಗೆ ಅನ್ನೋದನ್ನು ನೀವೇ ಕಂಡಿದ್ದು ನನಗೆ ಖುಷಿಯಾಯಿತು. ಕಟ್ಟಡ ಏಳುವ ಕ್ರಮವೂ ಅದೇ, ಕಂಬದಿಂದ ಕಳಸಕ್ಕೆ. ಅರ್ಧ ವಾಕ್ಯ ಸೇರಿಸಿ. ಪದದ ಲೆಕ್ಕ ಹೀಗಿಟ್ಟುಕೊಳ್ಳಿ: ಪೀಠಿಕೆಗೆ 80 ರಿಂದ 100, ಮೊದಲ ಎರಡು ಅಂಶಕ್ಕೆ ತಲಾ 180, ಮುಕ್ತಾಯದ ಸಾಲುಗಳ ಅಂಶಕ್ಕೆ 250, ಅಲ್ಲಿ ಹೇಳೋದು ಜಾಸ್ತಿ ಇದೆ. ಉಳಿದದ್ದು ಪ್ರಬಂಧದ ಮುಕ್ತಾಯಕ್ಕೆ. ಅಲ್ಲಿ ಮೂರನ್ನೂ ಮತ್ತೆ ಹೇಳಬೇಡಿ. ಹಸಿರುಶಾಯಿ ಅವರ ಅಳಿವಿನ ಪ್ರಶ್ನೆಯನ್ನು ಅಲ್ಲಿ ಎತ್ತಿಕೊಳ್ಳಿ.

ಹೊಸಚಿಗುರು

ಹಾಗೇ ಮಾಡುತ್ತೇನೆ ಸರ್. "ಎರಡಕ್ಕೆ ಹೇಳಲಿಲ್ಲಯ್ಯಾ" ಅನ್ನೋದು ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಎರಡು ದೇವಾಲಯ ಬೇಕು ಅಂತ ಯಾರೂ ಹೇಳಿಲ್ಲ ಅಂತಲೋ?

ಹಸಿರುಶಾಯಿ

ನಾನು ಹಾಗೇ ಓದುತ್ತೇನೆ. ದೇಹದಲ್ಲಿ ಒಂದು, ಹೊರಗೆ ಒಂದು, ಎರಡರ ಅಗತ್ಯ ಇಲ್ಲ.

ಕಡೆಗೋಲು

ಅದು ನೇರವಾದ ಓದು. ನನಗೆ ಆ "ಎರಡು" ಮುಂದಿನ ಸಾಲಿನ ನೀನು ಮತ್ತು ನಾನು ಎರಡಕ್ಕೂ ಚಾಚುವ ಹಾಗೆ ಕೇಳಿಸುತ್ತದೆ. ಖಚಿತವಾಗಿ ಹೇಳಲಾರೆ. ಪ್ರಬಂಧದಲ್ಲಿ ಹಸಿರುಶಾಯಿ ಅವರ ಓದನ್ನು ಹೇಳಿ, ಎರಡನೆಯದನ್ನು "ಹೀಗೂ ಓದಬಹುದು" ಅಂತ ಒಂದು ವಾಕ್ಯದಲ್ಲಿ ಇಡಿ. ಮೂರನೇ ಅಂಶದ ಪ್ಯಾರಾದಲ್ಲಿ ಇಟ್ಟರೆ ಸರಿಹೋಗುತ್ತದೆ.

ಗದ್ಯಪ್ರಿಯ

ನಾನು ಆ ಎರಡನೇ ಓದನ್ನು ಒಪ್ಪುವುದಿಲ್ಲ. ಹಿಂದಿನ ವಾಕ್ಯದಲ್ಲಿ ಎರಡು ದೇವಾಲಯ ಕಣ್ಣೆದುರೇ ಇವೆ. ಎರಡನೇ ಓದು ಹಾಕಿದರೆ ಅದಕ್ಕೆ ಆಧಾರ ಯಾವ ಪದದಲ್ಲಿದೆ ಅಂತ ತೋರಿಸಿ ಬರೆಯಿರಿ, ಇಲ್ಲದಿದ್ದರೆ ಮೇಷ್ಟ್ರು ಮತ್ತೆ ಅಂಚಿನಲ್ಲಿ ಕೇಳುತ್ತಾರೆ.